ಹಳದಿ ಗೂಟಕ್ಕೆ ಪಕ್ಕದ ಡ್ರಾಪ್ ಇಲ್ಲ ಕಣೋ

"ದೊಡ್ಡಪ್ಪ, ಭಾನುವಾರ ಗಾಲ್ಫ್ ಕ್ಲಬ್ ಮೆಡಲ್ ಪಂದ್ಯ. ಏಳನೇ ಹೋಲ್ ಕೆರೆಗೆ ಇದ್ದ ಕೆಂಪು ಗೂಟ ತೆಗೆದು ಹಳದಿ ನೆಟ್ಟಿದ್ದಾರೆ. ನೀರಿಗೆ ಹೋದ್ರೆ ಏನ್ ಮಾಡ್ಲಿ? ಟೆನ್ಷನ್ ಆಗ್ತಿದೆ."

ಕೇಳಿಸ್ಕೋ ಮಗ, ಟ್ರಾಫಿಕ್ಕಲ್ಲಿ ಕೂತಿದ್ದೀನಿ, ಹಾರ್ನ್ ಸದ್ದು ಬರುತ್ತೆ. ನಿಮ್ಮ ಚಿಕ್ಕಪ್ಪನಿಗೆ ಏನಾಯ್ತು ಅಂತ ಗೊತ್ತಲ್ಲ? ಅವತ್ತು ಅವನ ಸ್ಕೋರ್ ಬರೆಯೋ ಮಾರ್ಕರ್ ನಾನೇ. ಇದೇ ಏಳನೇ ಹೋಲ್, ನೂರೈವತ್ತು ಯಾರ್ಡಿನ ಪಾರ್ ತ್ರೀ. ಟೀಯಿಂದ ನೂರು ಯಾರ್ಡಿಗೆ ನೀರು ಶುರು, ನೂರಮೂವತ್ತಕ್ಕೆ ಮುಗಿಯುತ್ತೆ. ಬಾಲ್ ನೀರು ದಾಟಿತು, ಗ್ರೀನ್ ಮುಂದಿನ ಇಳಿಜಾರಿಗೆ ಬಡಿದು ವಾಪಸ್ ಉರುಳಿ ಪುಳಕ್ ಅಂತ ಒಳಗೆ ಹೋಯ್ತು. ಇವನು ಹೋದ, ಬಾಲ್ ಒಳಗೆ ಹೋದ ಜಾಗದ ಪಕ್ಕದಲ್ಲೇ ಎರಡು ಕ್ಲಬ್ ಉದ್ದ ಅಳೆದ, ಡ್ರಾಪ್ ಮಾಡಿದ, ಚಿಪ್ ಮಾಡಿ ಒಂದು ಪಟ್ಟಲ್ಲಿ ಮುಗಿಸಿ ನಾಲ್ಕು ಅಂದ. ನಾನು ಆ ಕಡೆ ಬಂಕರ್‌ನಲ್ಲಿ ಒದ್ದಾಡ್ತಿದ್ದೆ, ನೋಡಲಿಲ್ಲ. ಗೂಟ ಹಳದಿ! ಕಾರ್ಡ್ ಕೊಡುವಾಗ ಜೊತೆಗಿದ್ದವರೊಬ್ಬರು ಕೇಳಿದರು, ಡಿಸ್ಕ್ವಾಲಿಫೈ.

ಯಾಕೆ ಗೊತ್ತಾ? ಲೆಕ್ಕಕ್ಕೆ ಬರೋದು ಬಾಲ್ ಪೆನಾಲ್ಟಿ ಏರಿಯಾದ, ಅಂದ್ರೆ ಗೂಟ ನೆಟ್ಟು ಗುರುತಿಸಿದ ಆ ನೀರಿನ ಜಾಗದ, ಅಂಚನ್ನು ಕೊನೇ ಸಲ ದಾಟಿದ ಬಿಂದು. ಇವನದು ಉರುಳಿ ಒಳಗೆ ಹೋಗಿದ್ದು, ಹಾಗಾಗಿ ಆ ಬಿಂದು ಗ್ರೀನ್ ಕಡೆಗೇ ಇತ್ತು, ಹೋಲ್‌ಗೆ ಇಪ್ಪತ್ತು ಯಾರ್ಡ್. ಗೂಟ ಕೆಂಪಾಗಿದ್ದರೆ ಅಲ್ಲಿಂದ ಎರಡು ಕ್ಲಬ್ ಉದ್ದದೊಳಗೆ, ಹೋಲ್‌ಗೆ ಹತ್ತಿರ ಆಗದ ಹಾಗೆ ಡ್ರಾಪ್ ಮಾಡಬಹುದಿತ್ತು. ಹಳದಿಗೆ ಅದಿಲ್ಲ. ಹೋಲ್‌ನಿಂದ ಆ ಬಿಂದುವಿನ ಮೇಲೆ ಗೆರೆ ಎಳೆದರೆ ಅದು ನೀರು ದಾಟಿ ಟೀ ಕಡೆಗೆ ಬರುತ್ತೆ. ಡ್ರಾಪ್ ಆ ಗೆರೆ ಮೇಲೆ, ಅಂದರೆ ಹೋಲ್‌ನಿಂದ ಕಡಿಮೆ ಅಂದ್ರೂ ಐವತ್ತು ಯಾರ್ಡ್, ಮತ್ತೆ ನೀರಿನ ಮೇಲೇ ಹೊಡೀಬೇಕು. ಇವನು ನೀರನ್ನೇ ತಪ್ಪಿಸಿಕೊಂಡ. ಅದಕ್ಕೇ ಅದು ಬರೀ ತಪ್ಪು ಜಾಗ ಅಲ್ಲ, ಗಂಭೀರ ಉಲ್ಲಂಘನೆ. ಮುಂದಿನ ಟೀಯಲ್ಲಿ ಹೊಡೆಯೋಕೆ ಮೊದಲು ಹೇಳಿದ್ದರೆ ಉಳೀತಿದ್ದ. ಟೀ ಶಾಟ್ ಒಂದು, ನೀರಿನಿಂದ ಹೊರಗೆ ಡ್ರಾಪ್ ಮಾಡೋ ರಿಲೀಫಿಗೆ ದಂಡ ಒಂದು, ತಪ್ಪು ಜಾಗಕ್ಕೆ ಎರಡು, ಸರಿಯಾದ ಜಾಗದಿಂದ ಹೊಡೆಯೋದು ಐದನೇದು. ಆ ಚಿಪ್ಪು, ಪಟ್ಟು ಲೆಕ್ಕಕ್ಕಿಲ್ಲ. ಇನ್ನೊಂದ್ ಸಲ ಹೇಳ್ತೀನಿ ಕೇಳು, ಹಳದಿ ಗೂಟಕ್ಕೆ ಪಕ್ಕದ ಡ್ರಾಪ್ ಇಲ್ಲ. ಇಲ್ಲ ಅಂದ್ರೆ ಇಲ್ಲ.

ಗೂಟ ನೆಡೋರನ್ನ ಕೇಳಬೇಕು ಬಿಡು. ಹುಲ್ಲು ಕತ್ತರಿಸೋಕೆ ಕಿತ್ತು, ಆಮೇಲೆ ಕಂಡ ಕಂಡಲ್ಲಿ ಚುಚ್ಚಿ ಹೋಗ್ತಾರೆ. ಬಿಸಿಲಿಗೆ ಹಳದಿ ಬಿಳಿಚಿ ಔಟ್ ಆಫ್ ಬೌಂಡ್ಸ್ ಗೂಟದ ಥರ ಕಾಣುತ್ತೆ. ನೆಲಕ್ಕೆ ಹಾಕಿದ ಗೆರೆ ಒಂದು ಮಳೆಗೆ ಮಾಯ. ಗೆರೆ ಇದ್ದಿದ್ರೆ ಅದೇ ಅಂಚು, ಗೂಟ ಬರೀ ಗುರುತಿಗೆ ಅಷ್ಟೇ, ಜಗಳವೇ ಇರ್ತಿರಲಿಲ್ಲ. ಬಣ್ಣ ಬದಲಾಯಿಸಿದ್ದನ್ನ ನೋಟಿಸ್ ಬೋರ್ಡ್ ಮೂಲೆಗೆ ಅಂಟಿಸಿದರೆ ಯಾರು ಓದ್ತಾರೆ? ನೀವೂ ಅಷ್ಟೆ, ವಾಟ್ಸಾಪ್ ಗ್ರೂಪಲ್ಲಿ ಯಾರದೋ ಮದುವೆ ಫೋಟೋಗೆ ಇನ್ನೂರು ಹಾರ್ಟ್ ಹಾಕ್ತೀರಿ, ಹೋದ ವಾರ ನಾನು ಇದೇ ವಿಷಯ ಕಳಿಸಿದರೆ ಒಬ್ರೂ ಕೇಳಲಿಲ್ಲ. ಎರಡು ನೀಲಿ ಟಿಕ್, ಅಷ್ಟೇ.

ಅಯ್ಯೋ, ನೀನು ಕೇಳಿದ್ದೇ ಮರೆತೆ. ಬಾಲ್ ಸಿಕ್ಕಿ ಹೊಡೆಯೋ ಹಾಗಿದ್ದರೆ ದಂಡ ಇಲ್ಲದೆ ಹೊಡಿ. 2019ರಿಂದ ಒಳಗೆ ಕ್ಲಬ್ ನೆಲಕ್ಕೆ ಊರಬಹುದು, ಅಡ್ಡ ಬಂದ ಗೂಟ ಕಿತ್ತು ಪಕ್ಕಕ್ಕಿಡಬಹುದು. ಆಗದಿದ್ದರೆ ಒಂದು ಹೊಡೆತದ ದಂಡ, ಹಳದಿಗೆ ಎರಡೇ ದಾರಿ. ಟೀಗೆ ವಾಪಸ್ ಹೋಗಿ ಮತ್ತೆ ಟೀ ಮೇಲೆ ಬಾಲ್ ಇಟ್ಟು ಹೊಡೆಯೋದು, ಇಲ್ಲ ಆ ಗೆರೆ ಮೇಲೆ ಎಷ್ಟು ಹಿಂದಕ್ಕಾದರೂ ಹೋಗಿ ಡ್ರಾಪ್ ಮಾಡೋದು. ಅಂಚಿನಲ್ಲೇ ನಿಂತು ಐವತ್ತು ಯಾರ್ಡಿನ ಅರ್ಧ ಸ್ವಿಂಗ್ ಹೊಡೆಯೋಕೆ ಹೋಗ್ಬೇಡ, ನಿನ್ನ ಕ್ಲಬ್ ಬಾಲ್‌ಗಿಂತ ಮೊದಲು ನೆಲಕ್ಕೆ ಬೀಳುತ್ತೆ. ಎಂಬತ್ತಕ್ಕೆ ಹಿಂದೆ ಹೋಗು, ಪೂರ್ತಿ ವೆಡ್ಜ್ ಹೊಡಿ. ಮೊಣಕಾಲೆತ್ತರದಿಂದ ಬಿಡು, ಬಾಲ್ ಮೊದಲು ನೆಲ ಮುಟ್ಟಿದ ಜಾಗದಿಂದ ಒಂದು ಕ್ಲಬ್ ಉದ್ದದೊಳಗೆ ನಿಲ್ಲಬೇಕು. ಅಳತೆ ಪಟ್ಟರ್ ಬಿಟ್ಟು ಬ್ಯಾಗಿನ ಅತಿ ಉದ್ದದ ಕ್ಲಬ್, ಅಂದರೆ ನಿನ್ನ ಡ್ರೈವರ್.

ಆ ಹೋಲ್‌ಗೆ ಡ್ರಾಪ್ ಝೋನ್ ಇದೆಯಾ ಅಂತ ಸ್ಟಾರ್ಟರ್ ಹತ್ರ ಟೀ ಆಫ್‌ಗೆ ಮೊದಲೇ ಕೇಳಿಬಿಡು. ಇದ್ದರೆ ಅದು ಮೂರನೇ ದಾರಿ, ಸ್ಥಳೀಯ ನಿಯಮದ ಕಾಗದದಲ್ಲಿ ಬರೆದಿರುತ್ತೆ. ಸಿಗ್ನಲ್ ಬಿಡ್ತು, ಇಡ್ತೀನಿ.