ದೋಸೆ ಹಿಟ್ಟಿನ ಪೋಸ್ಟ್: ಕವರ್ ನೋಡಿ ಒಳಗೆ ಬಂದವರು ಎರಡನೇ ಸ್ಲೈಡಿನಲ್ಲೇ ಯಾಕೆ ಹೋಗಿಬಿಡುತ್ತಾರೆ?

ಒಗ್ಗರಣೆ ಸೌಟು

ಎಲ್ಲರಿಗೂ ನಮಸ್ಕಾರ. ಮಡಿಕೇರಿಯಲ್ಲಿದ್ದೇನೆ. ಇನ್‌ಸ್ಟಾಗ್ರಾಂನಲ್ಲಿ ಒಂದು ಸಣ್ಣ ಅಡುಗೆ ಪೇಜ್ ನಡೆಸುತ್ತೇನೆ. ಹೋದ ವಾರ ಏಳು ಸ್ಲೈಡಿನ ಒಂದು ಕ್ಯಾರೊಸೆಲ್ ಹಾಕಿದೆ. ಕವರ್ ಮೇಲೆ ಹೀಗೆ ಬರೆದಿದ್ದೆ:

> ಚಳಿಗೆ ದೋಸೆ ಹಿಟ್ಟು ಉಬ್ಬುತ್ತಿಲ್ಲವೇ?
> ನೀವು ಮಾಡುತ್ತಿರುವ 3 ತಪ್ಪು

ಎರಡನೇ ಸ್ಲೈಡ್ ಇದು:

> ದೋಸೆ ಎಂದರೆ ಯಾರಿಗೆ ಇಷ್ಟವಿಲ್ಲ? ನಮ್ಮ ಮನೆಮನೆಯಲ್ಲೂ ದೋಸೆಗೆ ವಿಶೇಷ ಸ್ಥಾನವಿದೆ. ಆದರೆ ಚಳಿಗಾಲ ಬಂತೆಂದರೆ ಹಿಟ್ಟು ಸರಿಯಾಗಿ ಉಬ್ಬುವುದಿಲ್ಲ. ಇದಕ್ಕೆ ಹಲವು ಕಾರಣಗಳಿವೆ. ಬನ್ನಿ, ಒಂದೊಂದಾಗಿ ತಿಳಿಯೋಣ.

ನೋಡಿದವರು ಜಾಸ್ತಿ, ಸೇವ್ ಮಾಡಿದವರು ಹತ್ತು ಜನ ಕೂಡ ಇಲ್ಲ. ನಾದಿನಿಯನ್ನು ಕೇಳಿದೆ. "ಅಕ್ಕಾ, ಎರಡು ಪುಟ ನೋಡಿದೆ, ಏನೂ ಸಿಗಲಿಲ್ಲ, ಬಿಟ್ಟೆ" ಅಂದಳು. ತಪ್ಪುಗಳು ಶುರುವಾಗುವುದೇ ಮೂರನೇ ಸ್ಲೈಡಿನಿಂದ. ಎರಡನೆಯದನ್ನು ಹೇಗೆ ಬರೆಯಬೇಕು?

ಲ್ಯಾಬ್ ರೆಕಾರ್ಡ್

ಎರಡನೇ ಸ್ಲೈಡಿನಲ್ಲಿ ವಿಷಯಸೂಚಿ ಇರಲೇಬೇಕು ಮೇಡಂ. ಮೊದಲು ಪೀಠಿಕೆ, ಆಮೇಲೆ ಕಾರಣಗಳು, ಪರಿಹಾರ, ಕೊನೆಗೆ ಧನ್ಯವಾದ. ನಮ್ಮ ಕಾಲೇಜು ಸೆಮಿನಾರಿನಲ್ಲಿ ಇದಿಲ್ಲದಿದ್ದರೆ ಅಂಕ ಕಳೆಯುತ್ತಾರೆ.

ಅಚ್ಚುಮೊಳೆ

ಲ್ಯಾಬ್ ರೆಕಾರ್ಡ್ ಅವರೇ, ನೀವು ಹೇಳುತ್ತಿರುವುದು ಪವರ್‌ಪಾಯಿಂಟ್ ವಿಷಯ. ಅಲ್ಲಿ ಕೂತವರು ಎದ್ದು ಹೋಗುವಂತಿಲ್ಲ. ಇಲ್ಲಿ ಹೆಬ್ಬೆರಳು ಮೇಲಕ್ಕೆ ಸರಿದರೆ ಮುಗಿಯಿತು.

ಸೌಟು ಅವರೇ, ನಿಮ್ಮ ಎರಡನೇ ಸ್ಲೈಡನ್ನು ಒಂದೊಂದು ಸಾಲು ನೋಡೋಣ. ದೋಸೆ ಇಷ್ಟ ಇಲ್ಲದವರು ಆ ಕವರ್ ನೋಡಿ ಒಳಗೆ ಬರುವುದೇ ಇಲ್ಲ. ಹಾಗಾಗಿ ಮೊದಲ ಎರಡು ಸಾಲು ಯಾರಿಗೂ ಬೇಡ. ಮೂರನೇ ಸಾಲು ಕವರಿನ ಪ್ರಶ್ನೆಯನ್ನೇ ಇನ್ನೊಮ್ಮೆ ಹೇಳುತ್ತದೆ. ನಾಲ್ಕನೆಯದು "3 ತಪ್ಪು" ಎಂದಿದ್ದನ್ನು "ಹಲವು ಕಾರಣ" ಮಾಡಿ ಮಸುಕು ಮಾಡುತ್ತದೆ. ಐದನೆಯದು ಮತ್ತೆ ಮಾತು ಕೊಡುತ್ತದೆ. ಓದುವವರು ಒಂದು ಸಲ ಬೆರಳು ಸರಿಸಿದ್ದಕ್ಕೆ ಸಿಕ್ಕಿದ್ದು ಅದೇ ಕವರ್, ಸ್ವಲ್ಪ ಉದ್ದವಾಗಿ. ನಿಮ್ಮ ನಾದಿನಿ ಹೇಳಿದ್ದು ಪೂರ್ತಿ ಸರಿ.

ಕವರ್ ಮೂರು ತಪ್ಪು ತೋರಿಸುತ್ತೇನೆ ಎಂದಿದೆ. ಎರಡನೇ ಸ್ಲೈಡಿನ ಮೊದಲ ಪದವೇ "ತಪ್ಪು 1" ಆಗಲಿ.

ರೀಲ್ಸ್ ಮಂಜ

ಪೀಠಿಕೆ ಬೇಡ ಎನ್ನುವುದು ಒಪ್ಪಿದೆ. ಆದರೆ ಉತ್ತರವನ್ನು ಎರಡರಲ್ಲೇ ಕೊಟ್ಟರೆ ಜನ ಅಲ್ಲೇ ತೃಪ್ತರಾಗಿ ಹೋಗುತ್ತಾರೆ. ಕುತೂಹಲ ಎಳೆಯಬೇಕು. "ಮೂರನೇ ತಪ್ಪು ಕೇಳಿದರೆ ಬೆಚ್ಚಿಬೀಳುತ್ತೀರಿ" ಅಂತ ಹಾಕಿ ನೋಡಿ. ನನ್ನ ರೀಲ್ಸ್‌ನಲ್ಲಿ ಇದೇ ನಡೆಯುವುದು.

ಅಚ್ಚುಮೊಳೆ

ಮಂಜ ಅವರೇ, ಮುಂದಕ್ಕೆ ಎಳೆಯಬೇಕು ಎನ್ನುವುದು ನಿಜ. ಆದರೆ ರೀಲ್ ತಾನೇ ಓಡುತ್ತದೆ, ನೋಡುವವರು ಸುಮ್ನೆ ಕಾಯಬಹುದು. ಇಲ್ಲಿ ಪ್ರತಿ ಪುಟಕ್ಕೂ ಅವರೇ ಬೆರಳು ಆಡಿಸಬೇಕು. ಕೈಗೆ ಏನೂ ಸಿಗದೆ ಎರಡು ಸಲ ಯಾರೂ ಆಡಿಸುವುದಿಲ್ಲ. ಮೊದಲ ತಪ್ಪನ್ನು ಪರಿಹಾರದ ಜೊತೆ ಪೂರ್ತಿ ಕೊಡಿ. ಉಳಿದ ಎರಡು ಇನ್ನೂ ಇವೆಯಲ್ಲ, ಎಳೆಯುವುದಕ್ಕೆ ಅವು ಸಾಕು.

ಇನ್ನೊಂದು ಕಾರಣವೂ ಇದೆ. ಕವರ್ ನೋಡಿ ಸರಿಸದೆ ಹೋದವರಿಗೆ ಇನ್‌ಸ್ಟಾಗ್ರಾಂ ಅದೇ ಪೋಸ್ಟನ್ನು ಮತ್ತೆ ತೋರಿಸುವಾಗ ಎಷ್ಟೋ ಸಲ ಎರಡನೇ ಸ್ಲೈಡಿನಿಂದ ಶುರು ಮಾಡುತ್ತದೆ. ಅದರ ಮುಖ್ಯಸ್ಥ ಆಡಂ ಮೊಸ್ಸೆರಿ ಅವರೇ ಇದನ್ನು ಹೇಳಿದ್ದಾರೆ. ಅಂದರೆ ಕೆಲವರ ಕಣ್ಣಿಗೆ ನಿಮ್ಮ ಎರಡನೇ ಸ್ಲೈಡೇ ಕವರ್. "ಬನ್ನಿ, ಒಂದೊಂದಾಗಿ ತಿಳಿಯೋಣ" ಎನ್ನುವುದನ್ನೇ ಮೊದಲು ನೋಡಿದವರು ಯಾಕೆ ನಿಲ್ಲುತ್ತಾರೆ?

ಒಗ್ಗರಣೆ ಸೌಟು

ಇದು ಗೊತ್ತೇ ಇರಲಿಲ್ಲ! ತಿದ್ದಿ ಬರೆದಿದ್ದೇನೆ, ನೋಡಿ:

> ತಪ್ಪು 1: ತಾಪಮಾನ
> ಹಿಟ್ಟು ಚೆನ್ನಾಗಿ ಉಬ್ಬಲು ಸುಮಾರು 28ರಿಂದ 32 ಡಿಗ್ರಿ ಬೇಕು. ಚಳಿಗಾಲದಲ್ಲಿ ಅಡುಗೆಮನೆ ಇದಕ್ಕಿಂತ ತುಂಬಾ ತಣ್ಣಗಿರುತ್ತದೆ. ಆದ್ದರಿಂದ ಸೂಕ್ಷ್ಮಜೀವಿಗಳು ನಿಧಾನವಾಗಿ ಕೆಲಸ ಮಾಡುತ್ತವೆ.

ಅಚ್ಚುಮೊಳೆ

ಜಾಗ ಸರಿಯಾಯಿತು, ಮಾತು ಇನ್ನೂ ಆಗಿಲ್ಲ. "ನೀವು ಮಾಡುತ್ತಿರುವ ತಪ್ಪು" ಎಂದು ಕರೆದಿದ್ದೀರಿ. ತಾಪಮಾನ ಯಾರು ಮಾಡಿದ ತಪ್ಪು? ಮಡಿಕೇರಿಯ ಚಳಿಗೆ ಓದುವವರು ಏನು ಮಾಡಲಾದೀತು? ಕೈಯಿಂದ ಆಗುವ ಕೆಲಸ ಒಂದು ಹೇಳಿ. ಓದಿದ ತಕ್ಷಣ "ಅಯ್ಯೋ, ನಾನೂ ಹೀಗೇ ಮಾಡುತ್ತೇನಲ್ಲ" ಅನ್ನಿಸಬೇಕು. ನಿಮ್ಮ ಮನೆಯಲ್ಲಿ ಚಳಿಗಾಲಕ್ಕೆ ಅಂತಲೇ ಏನು ಬದಲಾಯಿಸುತ್ತೀರಿ?

ಒಗ್ಗರಣೆ ಸೌಟು

ಅತ್ತೆ ಹಿಟ್ಟಿನ ಪಾತ್ರೆಯನ್ನು ಗ್ರಾನೈಟ್ ಕಟ್ಟೆಯ ಮೇಲೆ ಇಡಲು ಬಿಡುವುದಿಲ್ಲ. ಹಳೇ ಟವೆಲ್ ನಾಲ್ಕು ಮಡಿಕೆ ಮಾಡಿ ಅದರ ಮೇಲೆ ಇಡುತ್ತಾರೆ. ಒಮ್ಮೆ ಯಾಕೆ ಎಂದು ಕೇಳಿದ್ದಕ್ಕೆ ಪಾತ್ರೆ ಎತ್ತಿ, "ಕಲ್ಲು ಮುಟ್ಟು" ಅಂದರು. ರುಬ್ಬಿ ಅರ್ಧ ಗಂಟೆ ಆಗಿತ್ತು. ಪಾತ್ರೆ ಇದ್ದಷ್ಟು ಜಾಗ ದುಂಡಗೆ ಬೆಚ್ಚಗಿತ್ತು, ಸುತ್ತ ಐಸ್‌ನಂತೆ ಕೊರೆಯುತ್ತಿತ್ತು. "ಆ ಬಿಸಿ ಹಿಟ್ಟಿಂದು, ಕಲ್ಲು ಕುಡಿದುಬಿಟ್ಟಿದೆ" ಅಂದರು. ನಾನು ಇದನ್ನು ಆರನೇ ಸ್ಲೈಡಿನಲ್ಲಿ, ಕೊನೆಗೆ ಒಂದು ಸಾಲು ಹಾಕಿದ್ದೆ.

ಅಚ್ಚುಮೊಳೆ

ನಿಮ್ಮ ಎರಡನೇ ಸ್ಲೈಡ್ ಇದೇ! ಈಗಿನ ಅಡುಗೆಮನೆಗಳಲ್ಲಿ ಗ್ರಾನೈಟ್ ಕಟ್ಟೆ ಸಾಮಾನ್ಯ. ಓದಿದವರು ಅಲ್ಲೇ ಎದ್ದು ಹೋಗಿ ಮುಟ್ಟಿ ನೋಡಬಹುದು. ಸರಿಪಡಿಸಲು ಒಂದು ಟವೆಲ್ ಸಾಕು. ಎರಡನೇ ಸ್ಲೈಡಿಗೆ ಯಾವುದನ್ನು ಆರಿಸುವುದು ಎಂದರೆ, ಓದುವವರು ಈಗಲೇ ಪರೀಕ್ಷಿಸಬಹುದಾದದ್ದನ್ನು. ಡಿಗ್ರಿ ಲೆಕ್ಕ ಆಮೇಲೆ ಬರಲಿ.

ರೀಲ್ಸ್ ಮಂಜ

ಅತ್ಯಂತ ಒಳ್ಳೆಯದನ್ನು ಎರಡರಲ್ಲೇ ಖರ್ಚು ಮಾಡಿದರೆ ಕೊನೆಗೆ ಏನು ಉಳಿಯುತ್ತದೆ? ಸೇವ್ ಮಾಡುವುದು ಕೊನೆ ಸ್ಲೈಡ್ ನೋಡಿದವರು ತಾನೇ?

ಅಚ್ಚುಮೊಳೆ

ಈ ಪ್ರಶ್ನೆಗೆ ನನ್ನಲ್ಲೂ ಎಲ್ಲ ಪೋಸ್ಟಿಗೂ ಹೊಂದುವ ಉತ್ತರ ಇಲ್ಲ. ಸೌಟು ಅವರ ತೊಂದರೆ ಶುರುವಿನಲ್ಲೇ ಇರುವುದರಿಂದ ಇಲ್ಲಿ ಶುರುವಿಗೇ ಕೊಡುತ್ತೇನೆ.

ಒಗ್ಗರಣೆ ಸೌಟು

ಮತ್ತೆ ಬರೆದೆ:

> ತಪ್ಪು 1: ಪಾತ್ರೆ ಗ್ರಾನೈಟ್ ಕಟ್ಟೆ ಮೇಲೆ ಇಡುವುದು
> ಬಿಸಿಯನ್ನು ಕಲ್ಲು ಎಳೆದುಕೊಳ್ಳುತ್ತದೆ. ಅರ್ಧ ಗಂಟೆ ಬಿಟ್ಟು ಪಾತ್ರೆ ಎತ್ತಿ, ಕಲ್ಲು ಮುಟ್ಟಿ ನೋಡಿ.
> ಕೆಳಗೆ ಟವೆಲ್ ಮಡಿಸಿ ಇಡಿ.

ಅಚ್ಚುಮೊಳೆ

ತುಂಬಾ ಚೆನ್ನಾಗಿದೆ. ಈಗ ಕವರನ್ನು ಕೈಯಿಂದ ಮುಚ್ಚಿ ಇದೊಂದನ್ನೇ ಓದಿ. ಯಾವ ಪಾತ್ರೆ? ಯಾವುದರ ಬಿಸಿ? "ದೋಸೆ" ಇಲ್ಲ, "ಹಿಟ್ಟು" ಇಲ್ಲ, "ಚಳಿ" ಇಲ್ಲ. ಎರಡನೆಯದನ್ನೇ ಮೊದಲು ನೋಡಿದವರಿಗೆ ಇದು ಅಡುಗೆಮನೆ ಕಟ್ಟೆ ಮಾರುವವರ ಜಾಹೀರಾತು ಅನ್ನಿಸಬಹುದು. ಹೀಗೆ ಮಾಡೋಣ:

> ತಪ್ಪು 1: ಚಳಿಯಲ್ಲಿ ದೋಸೆ ಹಿಟ್ಟನ್ನು ಗ್ರಾನೈಟ್ ಮೇಲೆ ಇಡುವುದು
> ಅರ್ಧ ಗಂಟೆ ಬಿಟ್ಟು ಪಾತ್ರೆ ಎತ್ತಿ, ಕಲ್ಲು ಮುಟ್ಟಿ. ಬೆಚ್ಚಗಿದೆಯಾ? ಅದು ಹಿಟ್ಟಿನ ಬಿಸಿ.
> ಕೆಳಗೆ ನಾಲ್ಕು ಮಡಿಕೆ ಟವೆಲ್ ಇಡಿ.
> ತಪ್ಪು 2 ರುಬ್ಬುವಾಗಲೇ ಆಗುತ್ತದೆ →

ಕೊನೇ ಸಾಲು ಮಂಜ ಅವರಿಗಾಗಿ. ಬೆಚ್ಚಿಬೀಳಿಸುವ ಮಾತು ಬೇಡ. ಮುಂದೆ ಏನಿದೆ ಎಂದು ಅರ್ಧ ಹೇಳಿದರೆ ಎಳೆತ ತಾನೇ ಬರುತ್ತದೆ.

ಜೋಡಿಸುವಾಗ ಒಂದು ಎಚ್ಚರಿಕೆ. 1080 ಅಗಲ, 1350 ಎತ್ತರದ ಸ್ಲೈಡಿನಲ್ಲಿ ಕನ್ನಡ ಅಕ್ಷರ 40 ಪಿಕ್ಸೆಲ್‌ಗಿಂತ ಸಣ್ಣದಾದರೆ ಫೋನಿನಲ್ಲಿ ಒತ್ತಕ್ಷರ ಕಲೆಸಿಹೋಗುತ್ತವೆ. "ಹಿಟ್ಟನ್ನು" ಪದದಲ್ಲೇ ಎರಡು ಒತ್ತು ಇವೆ, ನೋಡಿ. ಸಾಲಿನ ನಡುವೆ ಇಂಗ್ಲಿಷಿಗಿಂತ ಜಾಸ್ತಿ ಜಾಗ ಬಿಡಿ. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿಸಿಗೆ ತಾಗುತ್ತದೆ. ಸಾಲದಿದ್ದರೆ ಪದ ಕಡಿಮೆ ಮಾಡಿ, ಅಕ್ಷರ ಸಣ್ಣದು ಮಾಡಬೇಡಿ.

ಗುಡಿ ಸುತ್ತಾಟ

ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಜಾರಾಗಬೇಡಿ. ನಾನು ದೇವಸ್ಥಾನಗಳ ಬಗ್ಗೆ ಪೋಸ್ಟ್ ಹಾಕುತ್ತೇನೆ. ಬೆಳವಾಡಿಯ ಕವರ್ "ಒಂದೇ ದೇವಸ್ಥಾನ, 3 ಗರ್ಭಗುಡಿ". ಎರಡನೇ ಸ್ಲೈಡಿನಲ್ಲಿ ಹೊಯ್ಸಳರ ಪರಿಚಯ ಇದೆ. ನನ್ನದು ಕಥೆ, ತಪ್ಪುಗಳ ಪಟ್ಟಿ ಅಲ್ಲ. ಇದೇ ಉಪಾಯ ನಡೆಯುತ್ತದೆಯೇ?

ಅಚ್ಚುಮೊಳೆ

ಕವರ್ ಮೂರು ಎಂದಿದೆ ಅಂದರೆ ಎರಡನೆಯದರಲ್ಲಿ ಆ ಮೂರೂ ಕಣ್ಣಿಗೆ ಬೀಳಲಿ. ದೇವಸ್ಥಾನದ ನಕ್ಷೆ ಹಾಕಿ, ಮೂರು ಕಡೆ ಹೆಸರು ಬರೆಯಿರಿ: ವೀರನಾರಾಯಣ, ವೇಣುಗೋಪಾಲ, ಯೋಗನರಸಿಂಹ. ಹೊಯ್ಸಳರು ಮೂರನೆಯದಕ್ಕೆ ಹೋಗಲಿ.

ಗುಡಿ ಸುತ್ತಾಟ

ನಕ್ಷೆ ಒಪ್ಪಿದೆ. ಆದರೆ ಕಾಲ ಗೊತ್ತಿಲ್ಲದೆ ಮೂರು ಹೆಸರು ಓದಿ ಏನು ಉಪಯೋಗ ಅನ್ನಿಸುತ್ತದೆ. ಎರಡೂ ಮಾಡಿ ನೋಡುತ್ತೇನೆ.

ರೀಲ್ಸ್ ಮಂಜ

ಸೌಟು ಅವರೇ, ಎರಡನೆಯದರಲ್ಲಿ ಎಷ್ಟು ಜನ ಹೋದರು ಅಂತ ಇನ್‌ಸೈಟ್ಸ್‌ನಲ್ಲಿ ಸಿಗುತ್ತದಲ್ವಾ? ಸುಮ್ನೆ ಊಹೆ ಯಾಕೆ?

ಅಚ್ಚುಮೊಳೆ

ಕ್ಯಾರೊಸೆಲ್‌ಗೆ ಪ್ರತಿ ಸ್ಲೈಡನ್ನು ಎಷ್ಟು ಜನ ನೋಡಿದರು ಎನ್ನುವ ಲೆಕ್ಕ ನನಗೆ ಅಲ್ಲಿ ಸಿಕ್ಕಿಲ್ಲ. ಸ್ಟೋರಿಗೆ ಸಿಗುತ್ತದೆ. ಹಾಗಾಗಿ ಕವರ್ ಮತ್ತು ಎರಡನೆಯದನ್ನು ಸ್ಟೋರಿಯಲ್ಲಿ ಸಾಲಾಗಿ ಹಾಕಿ. ಒಂದು ದಿನ ಹಳೆಯದು, ಇನ್ನೊಂದು ದಿನ ಅದೇ ಹೊತ್ತಿಗೆ ಹೊಸದು. ಸ್ಟೋರಿ ತಾನೇ ಮುಂದೆ ಹೋಗುವುದರಿಂದ "ಮುಂದಕ್ಕೆ" ಎನ್ನುವ ಸಂಖ್ಯೆಯನ್ನು ನಂಬಬೇಡಿ. ಎರಡನೆಯದರಲ್ಲಿ ಹೊರಗೆ ಹೋದವರು ಮತ್ತು ಬೇರೆಯವರ ಸ್ಟೋರಿಗೆ ಹಾರಿದವರು, ಈ ಎರಡನ್ನೇ ನೋಡಿ. ಸ್ಟೋರಿ ನೋಡುವವರು ಹೆಚ್ಚಾಗಿ ನಿಮ್ಮನ್ನು ಬಲ್ಲವರೇ. ಹೊಸಬರು ಇನ್ನೂ ಬೇಗ ಹೋಗಬಹುದು.

ಮತ್ತೆ, ಹಳೇ ಪೋಸ್ಟನ್ನು ಪೂರ್ತಿ ತೆಗೆಯಬೇಡಿ. ಹಾಕಿದ ಮೇಲೆ ಚಿತ್ರದ ಒಳಗಿನ ಅಕ್ಷರ ತಿದ್ದಲು ಆಗುವುದಿಲ್ಲ, ಆದರೆ ಒಂದು ಸ್ಲೈಡನ್ನು ಮಾತ್ರ ಅಳಿಸಬಹುದು. ಪೋಸ್ಟಿನ ಮೂರು ಚುಕ್ಕೆ ಒತ್ತಿ, ತಿದ್ದುವುದಕ್ಕೆ ಹೋಗಿ, ಎರಡನೆಯದಕ್ಕೆ ಸರಿಸಿದರೆ ಮೂಲೆಯಲ್ಲಿ ಕಸದ ಬುಟ್ಟಿ ಕಾಣುತ್ತದೆ. ಪೀಠಿಕೆ ಹೋದರೆ ಮೂರನೆಯದು ಎರಡನೆಯದಾಗುತ್ತದೆ. ಮನಸ್ಸು ಬದಲಾದರೆ 30 ದಿನದೊಳಗೆ ವಾಪಸ್ ತರಬಹುದು.

ಒಗ್ಗರಣೆ ಸೌಟು

ಎರಡು ದಿನ ಸ್ಟೋರಿ ಹಾಕಿ ನೋಡಿದೆ. ಹಳೆಯದರಲ್ಲಿ ಎರಡನೇ ಚಿತ್ರದಿಂದ 31 ಜನ ಹೋಗಿದ್ದರು, ಹೊಸದರಲ್ಲಿ 12. ಎರಡು ದಿನವೂ ನೋಡಿದವರು ಹೆಚ್ಚುಕಡಿಮೆ ಅಷ್ಟೇ, 200ರ ಹತ್ತಿರ. ಮೂವರು ಕಲ್ಲು ಮುಟ್ಟಿ ನೋಡಿ ಮೆಸೇಜ್ ಮಾಡಿದರು. ಒಬ್ಬರು, "ನಮ್ಮದು ಕಡಪ ಕಲ್ಲು, ಅದಕ್ಕೂ ಹೀಗೇನಾ?" ಎಂದು ಕೇಳಿದ್ದಾರೆ.

ಹಳೇ ಪೋಸ್ಟಿನ ಪೀಠಿಕೆ ಅಳಿಸಿದೆ. ಈಗ "ತಪ್ಪು 1" ಎರಡನೆಯದಾಗಿದೆ, ಆದರೆ ಅದು ತಾಪಮಾನದ್ದೇ. ಗ್ರಾನೈಟ್ ಇನ್ನೂ ಐದನೆಯದರಲ್ಲಿ ಕೂತಿದೆ. ಹೊಸ ಪೋಸ್ಟಿಗೆ ಟವೆಲ್ ಮೇಲೆ ಪಾತ್ರೆ ಇಟ್ಟ ಫೋಟೋ ತೆಗೆಯಬೇಕು. ಅತ್ತೆ ನಾಳೆ ಬೆಳಿಗ್ಗೆ ಅಕ್ಕಿ ನೆನೆಸುತ್ತಾರೆ.