ಹಾಲು, ಅಂಬಲಿ ಉಕ್ಕಿ ಕಟ್ಟಿದ ಬರ್ನರ್: ಯಾರು ಹೇಗೆ ಬಿಡಿಸಿದ್ರಿ?

ಚಿಂತಾಮಣಿಯವರು: ಹಾಲು, ರಾಗಿ ಅಂಬಲಿ ಉಕ್ಕಿ ದೊಡ್ಡ ಬರ್ನರ್ ಮೇಲೆ ಕರಕಲು ಗಟ್ಟಿಯಾಗಿ ಕೂತಿದೆ. ಒಂದು ಕಡೆ ಉರಿಯೇ ಬರಲ್ಲ, ಇನ್ನೊಂದು ಕಡೆ ಹಳದಿ ಉರಿ. ಪಾತ್ರೆ ತಳವೆಲ್ಲ ಮಸಿ. ಹಿತ್ತಾಳೆ ಬರ್ನರ್. ಪಿನ್ನು ಹಾಕಿ ಚುಚ್ಚಬಹುದಾ?

ಗುಬ್ಬಿಯವರು: ನಿಂಬೆರಸ, ಅಡುಗೆ ಸೋಡಾ ಎರಡೂ ಒಟ್ಟಿಗೆ ಹಾಕಿ ಅಕ್ಕ. ಬುಸ್ ಅಂತ ನೊರೆ ಬಂದು ಎಲ್ಲಾ ಎದ್ದು ಬರುತ್ತೆ. ನಮ್ಮನೇಲಿ ಫಳಫಳ ಅಂತಿದೆ.

ಮಾಲೂರಿನವರು: ನಮ್ಮದೂ ಇದೇ ಕಥೆ. ಲೈಟರ್ ಎಷ್ಟು ಒತ್ತಿದರೂ ಕಿಡಿ ಬರಲ್ಲ. ಹೊಸದು ತಗೊಳ್ಳೋದೇ ವಾಸಿ.

ಶಿರಾದವರು (ಸ್ಟೌ ರಿಪೇರಿ ಅಂಗಡಿ): ಮಾಲೂರಣ್ಣ, ಅವರು ಕೇಳಿದ್ದು ಲೈಟರ್ ವಿಷಯ ಅಲ್ಲ. ಗುಬ್ಬಿಯವರು ಹೇಳಿದ್ದು ಅರ್ಧ ಸರಿ. ಎರಡನ್ನೂ ಒಟ್ಟಿಗೆ ಹಾಕಿದರೆ ಒಂದು ಇನ್ನೊಂದರ ಶಕ್ತಿ ಕಳೆಯುತ್ತೆ. ನೊರೆ ನೋಡೋಕೆ ಚೆಂದ, ಅಷ್ಟೇ. ಹಾಲಿನ ಕರಕಲಿಗೆ ಸೋಡಾ ಬೇಕು, ಬೋರ್‌ವೆಲ್ ನೀರಿನ ಬಿಳಿ ಕಲೆಗೆ ಹುಳಿ ಬೇಕು. ಒಂದಾದ ಮೇಲೆ ಒಂದು.

ಮೊದಲು ರೆಗ್ಯುಲೇಟರ್ ಆಫ್ ಮಾಡಿ. ಬರ್ನರ್ ಪೂರ್ತಿ ತಣ್ಣಗಾದ ಮೇಲೆ ಎತ್ತಿ. ಒಂದು ಲೀಟರ್ ಬಿಸಿನೀರಿಗೆ ಎರಡು ಚಮಚ ಅಡುಗೆ ಸೋಡಾ, ಸ್ವಲ್ಪ ಪಾತ್ರೆ ಸೋಪು ಹಾಕಿ ಅರ್ಧ ಗಂಟೆ ನೆನೆಹಾಕಿ. ಹಳೇ ಹಲ್ಲುಜ್ಜೋ ಬ್ರಷ್‌ನಲ್ಲಿ ಉಜ್ಜಿದರೆ ಕರಕಲು ಹಕ್ಕಳೆ ಹಕ್ಕಳೆಯಾಗಿ ಎದ್ದು ಬರುತ್ತೆ. ಬರದಿದ್ದರೆ ಇನ್ನೊಮ್ಮೆ ನೆನೆಹಾಕಿ, ಚಾಕುವಿನಲ್ಲಿ ಕೆರೆಯಬೇಡಿ. ಆಮೇಲೆ ಹುಣಸೇಹಣ್ಣು ಸವರಿ ತೊಳೆಯಿರಿ.

ಕರಕಲು ಮೆತ್ತಗಾದ ಮೇಲೆಯೇ ತೂತಿಗೆ ಕೈ ಹಾಕಿ. ದಪ್ಪ ಪಿನ್ನು ಬೇಡ, ತೂತು ಅಗಲವಾದರೆ ಉರಿ ಕೆಡುತ್ತೆ. ಹಲ್ಲುಕಡ್ಡಿ ಒಳಗೇ ಮುರಿಯುತ್ತೆ. ಹಳೇ ಕರೆಂಟು ವೈರಿನ ಒಂದೇ ಎಳೆ ತಾಮ್ರದ ತಂತಿ ಸಾಕು, ಮೆತ್ತಗಿರುತ್ತೆ. ಚುಚ್ಚಿದ ಮೇಲೆ ತಲೆಕೆಳಗು ಮಾಡಿ ತಟ್ಟಿ, ಇಲ್ಲದಿದ್ದರೆ ಪುಡಿ ಒಳಗೇ ಉಳಿಯುತ್ತೆ. ಬೆಳಕಿಗೆ ಹಿಡಿದು ನೋಡಿ, ಎಲ್ಲಾ ತೂತಲ್ಲೂ ಬೆಳಕು ಕಾಣಬೇಕು. ಬರ್ನರ್ ಕೆಳಗೆ ಗ್ಯಾಸ್ ಹೊರಬರುವ ಜೆಟ್‌ಗೆ ಮಾತ್ರ ತಂತಿ ಹಾಕಬೇಡಿ, ಅದನ್ನು ಮೆಕ್ಯಾನಿಕ್ಕೇ ನೋಡಲಿ.

ಚೆನ್ನಾಗಿ ತೊಳೆದು ಬಿಸಿಲಿಗಿಟ್ಟು ಒಣಗಿಸಿ. ತೇವ ಇದ್ದರೆ ಉರಿ ಪಟಪಟ ಅನ್ನುತ್ತೆ. ಸೋಡಾ ಉಳಿದಿದ್ದರೂ ಉರಿ ಹಳದಿ ಕಾಣುತ್ತೆ, ಆದರೆ ಪಾತ್ರೆಗೆ ಮಸಿ ಹಿಡಿಯಲ್ಲ. ಆ ವ್ಯತ್ಯಾಸ ನೋಡಿಕೊಳ್ಳಿ.

ಚಿಂತಾಮಣಿಯವರು: ತಾಮ್ರದ ತಂತಿ ಐಡಿಯಾ ಕೆಲಸ ಮಾಡ್ತು ಅಣ್ಣ! ಎಲ್ಲಾ ತೂತಲ್ಲೂ ನೀಲಿ ಉರಿ. ಆದರೆ ಚಿಕ್ಕ ಬರ್ನರ್ ಹಿತ್ತಾಳೆ ಅಲ್ಲ, ಬೂದು ಬಣ್ಣದ್ದು. ಅದಕ್ಕೂ ಹೀಗೇ ಮಾಡಲಾ?

ಶಿರಾದವರು: ಅದು ಅಲ್ಯೂಮಿನಿಯಂ ಇರಬಹುದು. ನೆನೆಹಾಕಬೇಡಿ, ಸೋಡಾ ಅದನ್ನು ಕಪ್ಪು ಮಾಡುತ್ತೆ, ಹುಳಿ ತುಂಬಾ ಹೊತ್ತು ಇದ್ದರೆ ಅದನ್ನು ತಿನ್ನುತ್ತೆ. ಬರೀ ಸೋಪಿನ ಬಿಸಿನೀರು, ಬ್ರಷ್ಷು ಸಾಕು.

ಗುಬ್ಬಿಯವರು: ನಾನು ಅಲ್ಯೂಮಿನಿಯಂ ಬರ್ನರ್‌ಗೂ ನಿಂಬೆ ಸೋಡಾನೇ ಹಾಕ್ತೀನಪ್ಪ. ಕಪ್ಪಾಗಿಲ್ಲ ನೋಡಿ.