ಪಾಲು ಬಿಡುವವರಿಗೆ ಎಷ್ಟು ಕೊಡಬೇಕು? ಸಹಾಯ ಬೇಕು

ನಮ್ಮ ಬೀದಿಯ 10 ಮನೆಯವರು ತಲಾ 4,000 ರೂಪಾಯಿ ಹಾಕಿ, ಬಾಡಿಗೆಗೆ ಕೊಡೋಕೆ ಕುರ್ಚಿ, ಅಡುಗೆ ಪಾತ್ರೆ ತಂದಿದ್ದೆವು. ಒಂದೂವರೆ ವರ್ಷದಲ್ಲಿ ಖರ್ಚು ಕಳೆದು 14,000 ಉಳಿದಿದೆ. ಹಂಚಿಕೊಂಡಿಲ್ಲ.

ಈಗ ಒಬ್ಬರು ಊರು ಬಿಡುತ್ತಿದ್ದಾರೆ. ಹಾಕಿದ 4,000, ಲಾಭದಲ್ಲಿ 1,400, ಒಟ್ಟು 5,400 ಕೊಡಿ ಅಂತಾರೆ. ಆದರೆ ಎಂಟು ಕುರ್ಚಿಗಳ ಕಾಲು ಮುರಿದಿದೆ, ಪಾತ್ರೆಗಳಿಗೆ ನೆಗ್ಗು ಬಿದ್ದಿದೆ. ಹಳೇ ಸಾಮಾನಿನ ಅಂಗಡಿಯವರು ಎಲ್ಲಾ ಸೇರಿ 16,000 ಅಂದರು. ಹಾಗೆ ಹಿಡಿದರೆ, ಉಳಿದ 14,000 ಸೇರಿಸಿದರೂ ಊರು ಬಿಡುವವರ ಪಾಲು ಬರೀ 3,000. ಅದನ್ನು ಹೇಳಿದ್ದಕ್ಕೆ ಮುಖ ಊದಿಸಿಕೊಂಡಿದ್ದಾರೆ. ಶುರುವಿನಲ್ಲಿ ಏನೂ ಬರೆದಿಟ್ಟುಕೊಂಡಿರಲಿಲ್ಲ, ತಪ್ಪು ನಮ್ಮದೇ.

ಇದರ ಮಧ್ಯೆ, ಸಾಮಾನು ಇಟ್ಟುಕೊಂಡ ಮನೆಯವರಿಗೆ ಇಲ್ಲಿಯವರೆಗೆ ಒಂದು ಪೈಸೆನೂ ಕೊಟ್ಟಿಲ್ಲ. ಅದನ್ನೂ ಮೊದಲು ಕಳೆಯಬೇಕು ಅಲ್ವಾ?

ಹೀಗೆ ಜೊತೆಯಾಗಿ ಮಾಡಿದವರು ಹೇಳಿ: ಸಾಮಾನಿಗೆ ಕೊಂಡ ಬೆಲೆ ಹಿಡಿಯಬೇಕಾ, ಈಗ ಮಾರಿದರೆ ಬರುವ ಬೆಲೆಯಾ?